‘ಏನೂ ಆಗಲ್ಲ ಗುರು, ಪ್ರೊಸೀಡ್ ಕೊಡು’

ಕಳೆದ ರಜೆಯಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದೆ. ಮೊದಲ ದಿನ ಲ್ಯಾಪ್‌ಟಾಪ್ ಕೊಟ್ರು, ಐಡಿ ಕಾರ್ಡ್ ಕೊಟ್ರು, ಕಾಫಿ ಮಷೀನ್ ಎಲ್ಲಿದೆ ಅಂತ ತೋರಿಸಿದ್ರು. ಊಟ ಆದ್ಮೇಲೆ ಟೀಮಿನ ಡ್ಯಾಶ್‌ಬೋರ್ಡ್ ವಿಳಾಸ ಚಾಟ್‌ನಲ್ಲಿ ಬಂತು: `https://10.20.4.15:8443`. ಕ್ಲಿಕ್ ಮಾಡಿದೆ. ಡ್ಯಾಶ್‌ಬೋರ್ಡ್ ಬರಲಿಲ್ಲ, ಕೆಂಪು ತ್ರಿಕೋನ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ `NET::ERR_CERT_AUTHORITY_INVALID`.

ಪಕ್ಕದ ಸೀಟಿನವನು ನನ್ನ ಸ್ಕ್ರೀನ್ ಕಡೆ ಒಮ್ಮೆ ನೋಡಿ ಹೇಳಿದ: “ಅದು ಸೆಲ್ಫ್ ಸೈನ್ಡ್. ಅಡ್ವಾನ್ಸ್ಡ್ ಒತ್ತಿ ಪ್ರೊಸೀಡ್ ಕೊಡು. ಇಂಟರ್ನಲ್ ಟೂಲ್ ಅಲ್ವಾ, ಏನೂ ಆಗಲ್ಲ ಗುರು.”

ಕೊಟ್ಟೆ. ಲಾಗಿನ್ ಪುಟ ಬಂತು. ಆಫೀಸಿನ ಇಮೇಲ್‌ಗೆ ಹಾಕುವ ಪಾಸ್‌ವರ್ಡನ್ನೇ ಅಲ್ಲೂ ಹಾಕಿದೆ, ಯಾಕಂದ್ರೆ ಎಲ್ಲದಕ್ಕೂ ಒಂದೇ ಲಾಗಿನ್. ಒಳಗೆ ಹೋದೆ. ಏನೂ ಆಗಲಿಲ್ಲ.

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದ್ರೆ ಅವನು ಕೊಟ್ಟ ಕಾರಣ ಸರಿಯಿಲ್ಲ. ‘ಇಂಟರ್ನಲ್’ ಅನ್ನೋದು ಪ್ರೊಸೀಡ್ ಕೊಡೋಕೆ ಕಾರಣವೇ ಅಲ್ಲ. ಸರಿಯಾದ ಕಾರಣ ಒಂದೇ: ಎದುರಿಗಿರುವ ಸರ್ಟಿಫಿಕೇಟ್ ನಿಜವಾಗ್ಲೂ ಆ ಸರ್ವರ್‌ದೇ ಅಂತ ನೀವು ಬೇರೆ ಯಾವುದೋ ದಾರಿಯಿಂದ ಖಚಿತ ಮಾಡಿಕೊಂಡಿದ್ದೀರಿ ಅನ್ನೋದು. ಅದನ್ನು ಮಾಡಿದ್ರೆ ಧೈರ್ಯವಾಗಿ ಮುಂದೆ ಹೋಗಿ. ಮಾಡದೇ ಇದ್ರೆ ಅಲ್ಲಿ ಪಾಸ್‌ವರ್ಡ್ ಹಾಕಬೇಡಿ. ನನ್ನ ಮಾತು ಇಷ್ಟೇ. ಇದು ನನಗೆ ಮೂರನೇ ವಾರ ಅರ್ಥವಾಯ್ತು.

ಮೊದಲು, ಆ ಕೆಂಪು ಪುಟ ಏನು ಹೇಳ್ತಿದೆ ಅನ್ನೋದನ್ನು ನೋಡೋಣ. ನಮ್ಮಲ್ಲಿ ತುಂಬ ಜನ ‘ಎನ್‌ಕ್ರಿಪ್ಶನ್ ಇಲ್ಲ’ ಅಂತ ಅದರ ಅರ್ಥ ಅಂದುಕೊಂಡಿದ್ದಾರೆ. ಹಾಗಲ್ಲ. ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಇದ್ದರೂ ಎನ್‌ಕ್ರಿಪ್ಶನ್ ಬ್ಯಾಂಕ್ ಸೈಟಿನಲ್ಲಿ ಇರುವಷ್ಟೇ ಗಟ್ಟಿಯಾಗಿರಬಹುದು. ದಾರಿಯಲ್ಲಿ ಸುಮ್ಮನೆ ಕದ್ದು ಕೇಳೋನಿಗೆ ಏನೂ ಸಿಗಲ್ಲ. ಇಲ್ಲಿರುವ ಪ್ರಶ್ನೆ ಬೇರೆ: ನೀವು ಗುಟ್ಟಾಗಿ ಮಾತಾಡ್ತಿರೋದು ಸರಿ, ಆದ್ರೆ ಯಾರ ಜೊತೆ?

ಸೆಲ್ಫ್ ಅಟೆಸ್ಟೆಡ್ ಝೆರಾಕ್ಸ್ ನಮಗೆಲ್ಲ ಗೊತ್ತು. ಅಡ್ಮಿಷನ್ ಸಮಯದಲ್ಲಿ ಮಾರ್ಕ್ಸ್ ಕಾರ್ಡ್ ಝೆರಾಕ್ಸ್ ಮೇಲೆ ನಾವೇ ಸಹಿ ಹಾಕಿ ಕೊಡ್ತೀವಿ. ನಮ್ಮ ಸಹಿಗೆ ಬೆಲೆ ಇದೆ ಅಂತ ಅದನ್ನು ಯಾರೂ ತಗೊಳಲ್ಲ. ಒಂದು ದಿನ ಕೌಂಟರಿನಲ್ಲಿ ಒರಿಜಿನಲ್ ಇಟ್ಟು ತಾಳೆ ನೋಡ್ತಾರೆ, ಆ ಧೈರ್ಯದ ಮೇಲೆ ತಗೊಳ್ತಾರೆ. ಸೆಲ್ಫ್ ಸೈನ್ಡ್ ಸರ್ಟಿಫಿಕೇಟೂ ಅದೇ. ‘ನಾನು ಡ್ಯಾಶ್‌ಬೋರ್ಡ್’ ಅಂತ ಸರ್ವರ್ ತಾನೇ ಬರೆದು, ತಾನೇ ಸಹಿ ಹಾಕಿಕೊಂಡ ಕಾಗದ ಅದು. ತಪ್ಪೇನಿಲ್ಲ, ಒರಿಜಿನಲ್ ಜೊತೆ ಯಾರಾದ್ರೂ ತಾಳೆ ನೋಡಿದ್ರೆ. ನಾವು ತಾಳೆ ನೋಡದೆ ಝೆರಾಕ್ಸನ್ನೇ ಫೈಲಿಗೆ ಸೇರಿಸ್ತಿದ್ದೀವಿ.

ಆ ಕಾಗದ ಬರೆಯೋದು ಎಷ್ಟು ಸುಲಭ ಅಂದ್ರೆ, ಇಷ್ಟೇ:

```
openssl req -x509 -newkey rsa:2048 -nodes -days 365 \
  -subj "/CN=dashboard" -keyout k.pem -out c.pem
```

ಎರಡು ಸೆಕೆಂಡಿನ ಕೆಲಸ. ಅದೇ ಹೆಸರು, ಅದೇ ವಿವರ. ಆಫೀಸಿನ ಅದೇ ವೈಫೈನಲ್ಲಿ ಇರುವ ಯಾವುದೇ ಮಷೀನ್, ಅಂದ್ರೆ ವೈರಸ್ ಬಿದ್ದಿರುವ ಯಾರದೋ ಲ್ಯಾಪ್‌ಟಾಪ್ ಕೂಡ, ಇದನ್ನು ಮಾಡಬಹುದು. ಆಮೇಲೆ ‘ಗೇಟ್‌ವೇ ನಾನೇ’ ಅಂತ ನೆಟ್‌ವರ್ಕಿನಲ್ಲಿ ಸಾರಿದ್ರೆ ಆಯ್ತು. ಎಆರ್‌ಪಿ ಪ್ರೋಟೋಕಾಲಿಗೆ ಗುರುತು ಕೇಳುವ ಅಭ್ಯಾಸವೇ ಇಲ್ಲ ಅನ್ನೋದನ್ನು ನೆಟ್‌ವರ್ಕ್ಸ್ ಲ್ಯಾಬಿನಲ್ಲಿ ನೋಡಿದ್ದೀವಲ್ಲ. ಸ್ವಿಚ್‌ನಲ್ಲಿ ಅದಕ್ಕೆ ತಡೆ ಹಾಕಿರದಿದ್ದರೆ ನಿಮ್ಮ ಟ್ರಾಫಿಕ್ ಅವನ ಕೈಗೆ ಹೋಗುತ್ತೆ. ಅವನು ತನ್ನ ಸರ್ಟಿಫಿಕೇಟ್ ತೋರಿಸ್ತಾನೆ. ನಿಮಗೆ ಕಾಣೋದು ಅದೇ ಕೆಂಪು ತ್ರಿಕೋನ, ಅದೇ `NET::ERR_CERT_AUTHORITY_INVALID`. ನೀವು ಅಡ್ವಾನ್ಸ್ಡ್, ಪ್ರೊಸೀಡ್. ಅವನು ಪಾಸ್‌ವರ್ಡ್ ಬರೆದುಕೊಂಡು, ಅದನ್ನು ನಿಜವಾದ ಸರ್ವರಿಗೂ ದಾಟಿಸ್ತಾನೆ. ಡ್ಯಾಶ್‌ಬೋರ್ಡ್ ಓಪನ್ ಆಗುತ್ತೆ. ಏನೂ ಆಗಲ್ಲ ಗುರು.

ಈಗ ಮೂರನೇ ವಾರದ ಕಥೆ. ಒಮ್ಮೆ ಪ್ರೊಸೀಡ್ ಕೊಟ್ರೆ ಕ್ರೋಮ್ ಆ ತೀರ್ಮಾನವನ್ನು ಸುಮಾರು ಒಂದು ವಾರ ನೆನಪಿಟ್ಟುಕೊಳ್ಳುತ್ತೆ, ಆಮೇಲೆ ಮತ್ತೆ ಕೇಳುತ್ತೆ. ನಾನು ಆ ಸೋಮವಾರ ಕೊಟ್ಟಿದ್ದೆ. ಬುಧವಾರ ಬೆಳಿಗ್ಗೆ ಮತ್ತೆ ವಾರ್ನಿಂಗ್. ಎರಡೇ ದಿನಕ್ಕೆ ಯಾಕೆ?

ಕೈ ಆಗಲೇ ಅಡ್ವಾನ್ಸ್ಡ್ ಕಡೆ ಹೋಗಿತ್ತು, ನಿಜ ಹೇಳ್ಬೇಕು. ಆದ್ರೆ ಒಂದು ವಿಷಯ ಎಲ್ಲೋ ಓದಿದ್ದು ನೆನಪಾಯ್ತು: ಕ್ರೋಮ್ ನೆನಪಿಟ್ಟುಕೊಳ್ಳೋದು ವಿಳಾಸವನ್ನು ಮಾತ್ರ ಅಲ್ಲ, ಆ ಸರ್ಟಿಫಿಕೇಟನ್ನೂ ಸೇರಿಸಿ. ಸರ್ಟಿಫಿಕೇಟ್ ಬದಲಾದ್ರೆ ವಾರ ಮುಗಿಯದಿದ್ರೂ ಮತ್ತೆ ಕೇಳುತ್ತೆ. ಅಡ್ರೆಸ್ ಬಾರಿನಲ್ಲಿ ಕೆಂಪಾಗಿದ್ದ ಜಾಗ ಒತ್ತಿ ಸರ್ಟಿಫಿಕೇಟ್ ವಿವರ ತೆಗೆದೆ. ಕೊಟ್ಟ ದಿನಾಂಕ: ನಿನ್ನೆ, ಮಂಗಳವಾರ ಸಂಜೆ.

ಟೀಮ್ ಚಾಟ್‌ನಲ್ಲಿ ಕೇಳಿದೆ: ‘ಡ್ಯಾಶ್‌ಬೋರ್ಡ್ ಸರ್ಟಿಫಿಕೇಟ್ ನಿನ್ನೆ ಯಾರಾದ್ರೂ ಬದಲಾಯಿಸಿದ್ರಾ?’ ಎರಡು ಉತ್ತರ ಬಂತು. ಒಂದು ‘ಪ್ರೊಸೀಡ್ ಕೊಡಿ’. ಇನ್ನೊಂದು ಹೆಬ್ಬೆರಳು. ಟೀಮಿನ 11 ಜನರಲ್ಲಿ ನನ್ನನ್ನು ಬಿಟ್ಟು ಉಳಿದವರೆಲ್ಲ ಆಗಲೇ ಹೊಸ ಸರ್ಟಿಫಿಕೇಟಿಗೂ ಪ್ರೊಸೀಡ್ ಕೊಟ್ಟು ಲಾಗಿನ್ ಆಗಿದ್ರು.

ಮೂರನೇ ಮಹಡಿಗೆ, ಸರ್ವರ್ ನೋಡಿಕೊಳ್ಳೋರ ಹತ್ತಿರ ಹೋದೆ.

“ಸರ್, ಡ್ಯಾಶ್‌ಬೋರ್ಡ್ ಸರ್ಟಿಫಿಕೇಟ್ ನೀವು ಬದಲಾಯಿಸಿದ್ರಾ?”

“ಯಾಕಪ್ಪಾ, ಓಪನ್ ಆಗ್ತಿಲ್ವಾ?”

“ಆಗ್ತಿದೆ ಸರ್. ಅದೇ ಅನುಮಾನ.”

ಅವರು ನಕ್ಕರು, ಆದ್ರೆ ಕುರ್ಚಿ ತಿರುಗಿಸಿದ್ರು. ಮಂಗಳವಾರ ಸಂಜೆ ಹಳೇ ವರ್ಚುವಲ್ ಮಷೀನ್ ತೆಗೆದು ಹೊಸದು ಹಾಕಿದ್ರಂತೆ. ಇನ್‌ಸ್ಟಾಲ್ ಸ್ಕ್ರಿಪ್ಟ್ ಪ್ರತಿ ಸಲ ತಾನೇ ಹೊಸ ಸರ್ಟಿಫಿಕೇಟ್ ಸೃಷ್ಟಿ ಮಾಡುತ್ತೆ. “ಅದೇ ಇರಬೇಕು,” ಅಂದ್ರು. ‘ಇರಬೇಕು’ ಅನ್ನೋದನ್ನು ‘ಹೌದು’ ಮಾಡೋಕೆ ಬೇಕಾಗಿದ್ದು ಎರಡು ಕಮಾಂಡ್. ಅವರು ಸರ್ವರಿನ ಕನ್ಸೋಲ್‌ನಲ್ಲಿ, ಫೈಲಿನಿಂದಲೇ:

```
openssl x509 -in server.crt -noout -fingerprint -sha256
```

ನಾನು ನನ್ನ ಲ್ಯಾಪ್‌ಟಾಪಿನಲ್ಲಿ, ನೆಟ್‌ವರ್ಕ್ ಮೂಲಕ ನನಗೆ ಏನು ಬರ್ತಿದೆ ಅಂತ:

```
openssl s_client -connect 10.20.4.15:8443 </dev/null 2>/dev/null |
  openssl x509 -noout -fingerprint -sha256
```

ಎರಡೂ ಕಡೆ 64 ಹೆಕ್ಸ್ ಅಂಕಿಗಳ ಒಂದು ಸಾಲು ಬಂತು. ಅದೇ ಫಿಂಗರ್‌ಪ್ರಿಂಟ್, ಇಡೀ ಸರ್ಟಿಫಿಕೇಟಿನ ಹ್ಯಾಶ್. ಅವರು ಓದ್ತಾ ಹೋದ್ರು, ನಾನು ಬೆರಳಿಟ್ಟು ನೋಡ್ತಾ ಹೋದೆ. ಪೂರ್ತಿ ಹೊಂದಿತು. ಮೊದಲ ನಾಲ್ಕು ಅಂಕಿ ಹೊಂದಿದ್ರೆ ಸಾಕು ಅನ್ನಬೇಡಿ. ನಾಲ್ಕು ಹೆಕ್ಸ್ ಅಂಕಿಗೆ ಇರೋದು 65,536 ಸಾಧ್ಯತೆ ಮಾತ್ರ. ಅಷ್ಟು ಹೊಂದುವ ನಕಲಿ ಮಾಡೋದು ಒಂದು ಸಾಧಾರಣ ಲ್ಯಾಪ್‌ಟಾಪಿಗೂ ದೊಡ್ಡ ಕೆಲಸ ಅಲ್ಲ. 64ನ್ನೂ ಹೊಂದಿಸೋದು ಯಾರ ಕೈಯಲ್ಲೂ ಆಗಲ್ಲ.

ಮಹಡಿ ಹತ್ತಿದ್ದೂ ಸೇರಿ ಹತ್ತು ನಿಮಿಷ. ಫಲಿತಾಂಶ: ಏನೂ ಆಗಿರಲಿಲ್ಲ. ಪಕ್ಕದ ಸೀಟಿನವನು “ನೋಡಿದ್ಯಾ, ನಾನು ಹೇಳ್ಲಿಲ್ವಾ?” ಅಂದ.

ಇಲ್ಲೇ ನನ್ನ ತಕರಾರು. ಅವನು ಗೆದ್ದಿದ್ದು ಅದೃಷ್ಟದಿಂದ, ತಿಳಿದುಕೊಂಡಲ್ಲ. ಆ ಬುಧವಾರ ಬೆಳಿಗ್ಗೆ ಎರಡು ಸಾಧ್ಯತೆ ಇತ್ತು: ಹೊಸ ಮಷೀನು, ಇಲ್ಲವೇ ನಡುವೆ ಕೂತ ಕಳ್ಳ. ಎರಡರಲ್ಲೂ ಸ್ಕ್ರೀನಿನ ಮೇಲೆ ಕಾಣೋದು ಒಂದೇ. ಎರಡರಲ್ಲೂ ಆ ಹತ್ತು ಜನ ಮಾಡ್ತಿದ್ದಿದ್ದೂ ಒಂದೇ. ‘ಹುಲಿ ಬಂತು ಹುಲಿ’ ಕಥೆಯಲ್ಲಿ ಹುಡುಗ ತಮಾಷೆಗೆ ಕೂಗ್ತಿದ್ದ. ಇಲ್ಲಿ ಬ್ರೌಸರ್ ತಮಾಷೆ ಮಾಡ್ತಿಲ್ಲ. ಪ್ರತಿ ವಾರ ಅದು ಸುಳ್ಳು ಕೂಗುವ ಹಾಗೆ ಮಾಡಿಟ್ಟವರು ನಾವು.

ಇದಕ್ಕೆ ಬರುವ ಉತ್ತರಗಳೂ ನನಗೆ ಗೊತ್ತು. ‘ವಿಪಿಎನ್ ಇದೆಯಲ್ಲ’ ಅಂತಾರೆ. ಈ ಮಾತಿನಲ್ಲಿ ಅರ್ಧ ನಿಜ ಇದೆ. ಮನೆಯಿಂದಲೋ ಕೆಫೆಯಿಂದಲೋ ಕೆಲಸ ಮಾಡುವಾಗ ವಿಪಿಎನ್ ಹಾಕಿದ್ರೆ, ಕೆಫೆಯ ವೈಫೈನಲ್ಲಿ ಇರೋರು ಆಟದಿಂದ ಹೊರಗೆ. ಆದ್ರೆ ವಿಪಿಎನ್ ಸುರಂಗ ಮುಗಿಯೋದು ಕಂಪನಿಯ ಬಾಗಿಲಲ್ಲಿ. ಅಲ್ಲಿಂದ ಡ್ಯಾಶ್‌ಬೋರ್ಡ್ ತನಕ ಇರೋದು ಆಫೀಸಿನ ಸಾಮಾನ್ಯ ನೆಟ್‌ವರ್ಕ್. ಅಪಾಯ ಕಡಿಮೆಯಾಯ್ತು, ಪ್ರಶ್ನೆಗೆ ಉತ್ತರ ಸಿಗಲಿಲ್ಲ. ವಿಪಿಎನ್ ಇಲ್ಲದೆ ಹೊರಗಿನ ವೈಫೈನಲ್ಲಿ `10.20.4.15` ತೆರೆದ್ರಂತೂ ಅದು ನಿಮ್ಮ ಕಂಪನಿಯ ಮಷೀನೇ ಅಲ್ಲ. 10ರಿಂದ ಶುರುವಾಗುವ ವಿಳಾಸಗಳು ಖಾಸಗಿ, ಯಾವ ನೆಟ್‌ವರ್ಕಿನಲ್ಲಿ ಬೇಕಾದ್ರೂ ಅದೇ ನಂಬರ್ ಇರಬಹುದು. ಅಲ್ಲಿ ಏನಾದ್ರೂ ಓಪನ್ ಆದ್ರೆ ಟ್ಯಾಬ್ ಮುಚ್ಚಿ.

‘ಬರೀ ಡ್ಯಾಶ್‌ಬೋರ್ಡ್ ತಾನೇ, ಗ್ರಾಫ್ ಕದ್ದು ಏನು ಮಾಡ್ತಾರೆ’ ಅನ್ನೋದು ಇನ್ನೊಂದು. ಗ್ರಾಫ್ ಕದ್ದು ಏನೂ ಮಾಡಲ್ಲ. ಕದಿಯೋದು ಲಾಗಿನ್ ಪುಟದಲ್ಲಿ ಹಾಕಿದ ಪಾಸ್‌ವರ್ಡ್. ನನ್ನ ಕಂಪನಿಯಲ್ಲಿ ಅದೇ ಪಾಸ್‌ವರ್ಡ್ ಇಮೇಲ್‌ಗೆ, ಕೋಡ್ ರೆಪಾಸಿಟರಿಗೆ, ರಜೆ ಅರ್ಜಿಗೆ. ಆದ್ದರಿಂದ ‘ಈ ಟೂಲ್ ಎಷ್ಟು ಮುಖ್ಯ’ ಅಂತ ಕೇಳಬೇಡಿ. ‘ನಾನು ಇಲ್ಲಿ ಏನು ಕೈಗೆ ಕೊಡ್ತಿದ್ದೀನಿ’ ಅಂತ ಕೇಳಿ. ಲಾಗಿನ್ನೇ ಇಲ್ಲದ, ಸುಮ್ಮನೆ ಓದುವ ಪುಟವಾದ್ರೆ ತಾಳೆ ನೋಡದೆ ಹೋದ್ರೂ ನಷ್ಟ ಸಣ್ಣದು. ಅಲ್ಲಿ ಕಂಡ ಅಂಕಿಯನ್ನು ನಂಬಿ ದೊಡ್ಡ ತೀರ್ಮಾನ ಮಾಡದಿದ್ರೆ, ಅಲ್ಲಿಂದ ಫೈಲ್ ಇಳಿಸಿ ರನ್ ಮಾಡದಿದ್ರೆ ಸಾಕು.

ಹಾಗಂತ ವಾರ್ನಿಂಗ್ ಬಂದ ಕಡೆಯೆಲ್ಲ ತಾಳೆ ನೋಡಿ ಮುಂದೆ ಹೋಗಬಹುದು ಅಂತಲ್ಲ. ಇಷ್ಟು ಹೊತ್ತು ಹೇಳಿದ್ದು `NET::ERR_CERT_AUTHORITY_INVALID` ಬಗ್ಗೆ: ಸಹಿ ಹಾಕಿದವರು ಯಾರು ಅಂತ ಬ್ರೌಸರಿಗೆ ಗೊತ್ತಿಲ್ಲ. ಸೆಲ್ಫ್ ಸೈನ್ಡ್ ಟೂಲಿನಲ್ಲಿ ಇದು ನಿರೀಕ್ಷಿತ. ಅದೇ ಎರರ್ ಇಂಟರ್ನೆಟ್ಟಿನ ಯಾವುದೋ ಬ್ಯಾಂಕ್ ಅಥವಾ ಇಮೇಲ್ ಸೈಟಿನಲ್ಲಿ ಬಂದ್ರೆ ಅದು ಅಸಹಜ, ಅಲ್ಲಿ ತಾಳೆ ನೋಡೋಕೆ ಮೂರನೇ ಮಹಡಿಯೂ ಇಲ್ಲ, ವಾಪಸ್ ಬನ್ನಿ. ದಿನವೂ ಸುಮ್ಮನೆ ತೆರೆಯುತ್ತಿದ್ದ ಇಂಟರ್ನಲ್ ಟೂಲ್ ಇವತ್ತು ಮೊದಲ ಸಲ ವಾರ್ನಿಂಗ್ ಕೊಟ್ರೂ ಹಾಗೇ, ಮೊದಲು ಕೇಳಿ, ಆಮೇಲೆ ಕ್ಲಿಕ್.

ತಾಳೆ ನೋಡುವ ದಾರಿ ಬೇರೆಯದೇ ಆಗಿರಬೇಕು ಅನ್ನೋದನ್ನೂ ಮರೆಯಬೇಡಿ. ಫಿಂಗರ್‌ಪ್ರಿಂಟನ್ನು ಅದೇ ಡ್ಯಾಶ್‌ಬೋರ್ಡಿನ ಹೆಲ್ಪ್ ಪುಟದಲ್ಲಿ ಬರೆದಿಟ್ಟರೆ ಪ್ರಯೋಜನ ಇಲ್ಲ, ನಡುವೆ ಕೂತವನು ಅದನ್ನೂ ತಿದ್ದಿ ಕಳಿಸ್ತಾನೆ. ಎದುರಿಗೆ ಕೂತು ಓದಿದ್ದು ಸರಿ. ಫೋನಿನಲ್ಲಿ, ದನಿ ಪರಿಚಯ ಇರೋರು ಓದಿದ್ದು ಸರಿ. ಸರಿಯಾದ ಸರ್ಟಿಫಿಕೇಟ್ ಇರುವ ಕಂಪನಿಯ ವಿಕಿಯಲ್ಲಿ ಹಾಕಿದ್ದು ಸರಿ.

ಒಮ್ಮೆ ತಾಳೆ ನೋಡಿದ ಮೇಲೆ ಪ್ರತಿ ವಾರ ಮತ್ತೆ ನೋಡಬೇಕಾ? ಇಲ್ಲಿ ಫೈರ್‌ಫಾಕ್ಸ್ ಅನುಕೂಲ. ಅದು ನಿಮ್ಮ ಅನುಮತಿಯನ್ನು ಆ ವಿಳಾಸಕ್ಕೂ ಆ ಒಂದೇ ಸರ್ಟಿಫಿಕೇಟಿಗೂ ಕಟ್ಟಿ, ಶಾಶ್ವತವಾಗಿ ಇಟ್ಟುಕೊಳ್ಳುತ್ತೆ. ಆಮೇಲೆ ಅಲ್ಲಿ ವಾರ್ನಿಂಗ್ ಮತ್ತೆ ಬಂತು ಅಂದ್ರೆ ಅರ್ಥ ಒಂದೇ: ಏನೋ ಬದಲಾಗಿದೆ. ಕ್ರೋಮ್‌ನಲ್ಲಿ ‘ವಾರ ಆಯ್ತು’ ಅನ್ನೋದೂ ‘ಸರ್ಟಿಫಿಕೇಟ್ ಬದಲಾಯ್ತು’ ಅನ್ನೋದೂ ಒಂದೇ ಕೆಂಪು ಪುಟದಲ್ಲಿ ಬೆರೆತು ಹೋಗುತ್ತೆ.

ಬ್ರೌಸರ್ ಆದ್ರೂ ಕೇಳುತ್ತೆ. ಕೋಡ್ ಕೇಳೋದೂ ಇಲ್ಲ. ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಎರಡನೇ ವಾರ ಡ್ಯಾಶ್‌ಬೋರ್ಡಿನಿಂದ ಅಂಕಿ ಎಳೆದು ರಿಪೋರ್ಟ್ ಮಾಡುವ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆ. ಎರರ್ ಬಂತು, ಹುಡುಕಿದೆ, `verify=False` ಅಂತ ಸಿಕ್ತು, ಹಾಕಿದೆ. ಆ ಸ್ಕ್ರಿಪ್ಟ್ ದಿನಾ ಬೆಳಿಗ್ಗೆ ಎಪಿಐ ಟೋಕನ್ ಹಿಡಿದುಕೊಂಡು ಹೋಗಿ, ಬಾಗಿಲು ತೆಗೆದ ಯಾರ ಕೈಗಾದ್ರೂ ಕೊಟ್ಟು ಬರ್ತಿತ್ತು. `curl -k` ಕೂಡ ಇದೇ ಜಾತಿ. ಇದು ಪ್ರೊಸೀಡ್ ಒತ್ತೋದಕ್ಕಿಂತ ಕೆಟ್ಟದ್ದು. ಪ್ರೊಸೀಡ್ ಒಂದು ಸರ್ಟಿಫಿಕೇಟಿಗೆ ಕೊಡುವ ಒಪ್ಪಿಗೆ, ಇದು ಇವತ್ತಿನ ಮತ್ತು ನಾಳಿನ ಎಲ್ಲ ಸರ್ಟಿಫಿಕೇಟುಗಳಿಗೂ. ಬುಧವಾರದ ಘಟನೆ ಆದ್ಮೇಲೆ, ತಾಳೆ ನೋಡಿದ ಸರ್ಟಿಫಿಕೇಟನ್ನು ಫೈಲಿಗೆ ಉಳಿಸಿ ಹೀಗೆ ಬದಲಾಯಿಸಿದೆ:

```
requests.get(url, headers=h, verify="dashboard.pem")
```

ಸರ್ಟಿಫಿಕೇಟ್ ಬದಲಾದ್ರೆ ಸ್ಕ್ರಿಪ್ಟ್ ನಿಲ್ಲುತ್ತೆ. ನಿಲ್ಲಲಿ, ಅದಕ್ಕೇ ಇರೋದು. ಒಂದೇ ಷರತ್ತು, ಸರ್ಟಿಫಿಕೇಟಿನ ಒಳಗೆ ಬರೆದ ಹೆಸರು ಅಥವಾ ಐಪಿ ನೀವು ಬಳಸುವ ವಿಳಾಸಕ್ಕೆ ಹೊಂದಬೇಕು. ನಮ್ಮದರಲ್ಲಿ ಐಪಿ ಇತ್ತು, ಹಾಗಾಗಿ ನಡೀತು.

ಕೆಲವು ಕಡೆ ಇನ್ನೊಂದು ಉಪಾಯ ಹೇಳ್ತಾರೆ: ‘ಈ ರೂಟ್ ಸರ್ಟಿಫಿಕೇಟ್ ಹಾಕ್ಕೋ, ವಾರ್ನಿಂಗ್ ಬರಲ್ಲ’. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಕಂಪನಿಯವರೇ ಹಾಕಿದ್ರೆ ಸರಿ. ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ಹಾಕೋ ಮೊದಲು ಯೋಚನೆ ಮಾಡಿ. ರೂಟ್ ಹಾಕಿದ್ರೆ, ಅದರ ಪ್ರೈವೇಟ್ ಕೀ ಯಾರ ಹತ್ತಿರ ಇದೆಯೋ ಅವರು ಡ್ಯಾಶ್‌ಬೋರ್ಡಿಗೆ ಮಾತ್ರ ಅಲ್ಲ, ನಿಮ್ಮ ಬ್ಯಾಂಕಿನ ಹೆಸರಿಗೂ ಸರ್ಟಿಫಿಕೇಟ್ ಮಾಡಬಹುದು. 2015ರಲ್ಲಿ ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಗಲಾಟೆ ಆಗಿದ್ದು ಇದಕ್ಕೇ. ಜಾಹೀರಾತು ತೂರಿಸುವ ಒಂದು ಸಾಫ್ಟ್‌ವೇರ್ ತನ್ನ ರೂಟನ್ನು ಹಾಕಿತ್ತು, ಎಲ್ಲ ಲ್ಯಾಪ್‌ಟಾಪಿನಲ್ಲೂ ಒಂದೇ ಪ್ರೈವೇಟ್ ಕೀ. ಸಂಶೋಧಕರು ಆ ಕೀಯನ್ನು ಹೊರತೆಗೆದ್ರು. ಅಂದ್ರೆ ಅದು ಗೊತ್ತಿದ್ದ ಯಾರು ಬೇಕಾದ್ರೂ ಆ ಲ್ಯಾಪ್‌ಟಾಪುಗಳಿಗೆ ಯಾವ ಸೈಟಿನ ವೇಷದಲ್ಲಾದ್ರೂ ಬರಬಹುದಿತ್ತು, ಕೆಂಪು ಪುಟ ಕೂಡ ಇಲ್ಲದೆ. ಒಂದು ಟೂಲಿನ ವಾರ್ನಿಂಗ್ ತಪ್ಪಿಸೋಕೆ ತಾಳೆ ನೋಡಿದ ಪ್ರೊಸೀಡೇ ಇದಕ್ಕಿಂತ ಚಿಕ್ಕ ಸಾಲ.

ಕೊನೆಗೆ, ಇದೆಲ್ಲ ಇಂಟರ್ನ್ ಹುಡುಗರ ತಲೆನೋವು ಆಗಬಾರದು. ತಪ್ಪು ಕ್ಲಿಕ್ ಮಾಡಿದವರದ್ದಲ್ಲ, ಕ್ಲಿಕ್ ಮಾಡದೆ ಕೆಲಸವೇ ನಡೆಯದ ಹಾಗೆ ಬಿಟ್ಟವರದ್ದು. ಪರಿಹಾರಕ್ಕೆ ದುಡ್ಡೂ ಬೇಡ. ಪಬ್ಲಿಕ್ ಸಿಎಗಳು 10ರ ಖಾಸಗಿ ಐಪಿಗೆ ಸರ್ಟಿಫಿಕೇಟ್ ಕೊಡಲ್ಲ ನಿಜ, ಆದ್ರೆ ಕಂಪನಿಯ ಸ್ವಂತ ಡೊಮೇನಿನ ಕೆಳಗೆ ಡ್ಯಾಶ್‌ಬೋರ್ಡಿಗೆ ಒಂದು ಹೆಸರು ಇಟ್ಟರೆ ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತೆ. ಡಿಎನ್‌ಎಸ್‌ನಲ್ಲಿ `_acme-challenge` ಅನ್ನುವ ಟಿಎಕ್ಸ್‌ಟಿ ರೆಕಾರ್ಡ್ ಹಾಕಿ ಡೊಮೇನ್ ನಮ್ಮದೇ ಅಂತ ತೋರಿಸಿದ್ರೆ ಸಾಕು, ಸರ್ವರ್ ಇಂಟರ್ನೆಟ್ಟಿಗೆ ಕಾಣಬೇಕಾಗಿಲ್ಲ. ಒಂದು ತೊಡಕಿದೆ, ಆ ಹೆಸರು ಸಾರ್ವಜನಿಕ ಲಾಗ್‌ನಲ್ಲಿ ದಾಖಲಾಗುತ್ತೆ. ಹೆಸರೂ ಗುಟ್ಟಾಗಿರಬೇಕು ಅನ್ನೋರು ತಮ್ಮದೇ ಇಂಟರ್ನಲ್ ಸಿಎ ನಡೆಸಿ, ಅದರ ಕೀಯನ್ನು ಜೋಪಾನ ಮಾಡಲಿ.

ನಾನು ಬಿಡುವ ಹೊತ್ತಿಗೆ ಮೂರನೇ ಮಹಡಿಯ ಸರ್ ಫಿಂಗರ್‌ಪ್ರಿಂಟನ್ನು ವಿಕಿಯಲ್ಲಿ ಹಾಕಿದ್ರು, ಪಕ್ಕದಲ್ಲಿ ದಿನಾಂಕ ಬರೆದು. ಮೊನ್ನೆ ಪಕ್ಕದ ಸೀಟಿನವನು ಮೆಸೇಜ್ ಮಾಡಿದ್ದ: ಡ್ಯಾಶ್‌ಬೋರ್ಡಿಗೆ ಹೆಸರು ಬಂದಿದೆಯಂತೆ, ಸರಿಯಾದ ಸರ್ಟಿಫಿಕೇಟೂ ಬಂದಿದೆಯಂತೆ, ಕೆಂಪು ಪುಟ ಬರ್ತಿಲ್ಲವಂತೆ. ಇನ್ನು ಯಾವತ್ತಾದ್ರೂ ಅದು ಬಂದ್ರೆ, ಆ ಹತ್ತು ಜನರಲ್ಲಿ ಒಬ್ಬನಾದ್ರೂ ಕೈ ಹಿಂದೆ ತೆಗೀತಾನೆ.